‘ನೀವು’ ಎನ್ನುತ್ತಲೇ ಹತ್ತಿರವಾಗುವ ಪತ್ರ

ಪದವಿ ಮುಗಿದಾಗ ಗುರುವಿಗೆ ಬರೆಯುವ ಕೃತಜ್ಞತೆಯ ಪತ್ರಕ್ಕೆ ಎರಡು ಕೆಲಸಗಳಿರುತ್ತವೆ. ಓದು ಮುಗಿಯಿತು, ಇಂಥ ದರ್ಜೆಯಲ್ಲಿ ತೇರ್ಗಡೆಯಾಯಿತು, ಮುಂದೆ ಇಂಥ ಕಡೆ ಹೋಗುವುದಿದೆ ಎಂದು ಸುದ್ದಿ ಒಪ್ಪಿಸುವುದು ಒಂದು. ಆ ಓದು ತನ್ನೊಬ್ಬನ ಶಕ್ತಿಯಿಂದ ಆದದ್ದಲ್ಲ ಎಂದು ಹೇಳಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಔಪಚಾರಿಕ ಭಾಷೆ ಸಾಕು. ವರದಿಗೆ ಅದೇ ಸರಿ. ಎರಡನೆಯದಕ್ಕೆ ಆ ಭಾಷೆ ಸಾಲುವುದಿಲ್ಲ. ಹಾಗಾಗಿ ಚೆನ್ನಾಗಿ ಬರೆದ ಪತ್ರ ಒಂದು ಬಗೆಯ ಮಾತಿನಲ್ಲಿ ಶುರುವಾಗಿ ಇನ್ನೊಂದು ಬಗೆಯಲ್ಲಿ ಮುಗಿಯುತ್ತದೆ. ನಡುವಿನ ಆ ದಾಟು ಎಲ್ಲಿ ಆಗುತ್ತದೆ, ಹೇಗೆ ಆಗುತ್ತದೆ ಎಂಬುದರ ಮೇಲೆ ಪತ್ರದ ಗುಣ ನಿಂತಿದೆ.

ಕನ್ನಡದಲ್ಲಿ ಈ ದಾಟನ್ನು ನೋಡಲು ರೊಳ್ಳದಂಥ ಊರು ಒಳ್ಳೆಯ ಜಾಗ. ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳ ಮನೆಮಾತು ಬಹುಮಟ್ಟಿಗೆ ಕನ್ನಡ. ಆಡಳಿತದಲ್ಲಿ ಈ ಸೀಮೆ 2022ರವರೆಗೆ ಅನಂತಪುರ ಜಿಲ್ಲೆಗೆ ಸೇರಿತ್ತು, ಈಗ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅತ್ತ ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ರೊಳ್ಳದ ಆಡುಮಾತು ಪಕ್ಕದ ತುಮಕೂರು ಜಿಲ್ಲೆಯದು, ಕಚೇರಿಯ ಕಾಗದ ತೆಲುಗಿನದು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೋ ಹುಡುಗಿಗೋ ಮೇಷ್ಟ್ರು ಪಾಠ ಹೇಳುವವರಷ್ಟೇ ಆಗಿರುವುದಿಲ್ಲ. ಯಾವ ಕಾಗದ ಯಾವ ರಾಜ್ಯದಲ್ಲಿ ನಡೆಯುತ್ತದೆ, ಹತ್ತನೆಯ ತರಗತಿ ಆದ ಮೇಲೆ ಯಾವ ದಾರಿ ಹಿಡಿಯಬೇಕು ಎಂದು ತಿಳಿದಿರುವವರು ಊರಿನಲ್ಲಿ ಹಲವು ಸಲ ಅವರೊಬ್ಬರೇ. ಇಂಥ ಊರಿನ ಶಿಷ್ಯನ ಪತ್ರಕ್ಕೆ ಹೇಳಲು ವಿಷಯ ತುಂಬ ಇರುತ್ತದೆ. ಆದರೂ ಕೈಗೆ ಮೊದಲು ಸಿಗುವುದು ಶಾಲೆಯ ಪತ್ರಲೇಖನದ ಪಾಠದಲ್ಲಿ ಬಾಯಿಪಾಠವಾದ ನಾಲ್ಕು ಸಾಲು.

ಆ ನಾಲ್ಕು ಸಾಲಿಗೆ ಒಕ್ಕಣೆ ಎಂದು ಹೆಸರು. ಹಾಳೆಯ ನೆತ್ತಿಯಲ್ಲಿ ‘ಶ್ರೀ’, ಒಂದು ಪಕ್ಕ ‘ಕ್ಷೇಮ’, ಇನ್ನೊಂದು ಪಕ್ಕ ಊರು ಮತ್ತು ತಾರೀಕು. ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’. ಗುರುವಿಗೆ ‘ತೀರ್ಥರೂಪು ಸಮಾನರಾದ’, ಕಲಿಸಿದವರು ಹೆಂಗಸಾದರೆ ‘ಮಾತೃಶ್ರೀ ಸಮಾನರಾದ’, ಇಲ್ಲವೇ ಇಬ್ಬರಿಗೂ ಹೊಂದುವ ‘ಪೂಜ್ಯ’. ಅದಾದ ಮೇಲೆ ಶಿಷ್ಯ ಮಾಡುವ ಸಾಷ್ಟಾಂಗ ನಮಸ್ಕಾರ, ಈ ಕಡೆ ಎಲ್ಲರೂ ಕ್ಷೇಮ ಎಂಬ ಮಾತು, ಉಭಯ ಕುಶಲೋಪರಿ, ಅನಂತರ ‘ಬರೆಯಲು ಕಾರಣವೇನೆಂದರೆ’. ಕೊನೆಗೆ ‘ಇಂತಿ ನಿಮ್ಮ ವಿಧೇಯ’. ಇದನ್ನು ಹಳೆಯ ಕಾಲದ ಕಸ ಎಂದು ಗುಡಿಸಿಹಾಕುವವರು ಹೆಚ್ಚಿದ್ದಾರೆ. ಅದು ಅವಸರದ ತೀರ್ಮಾನ. ಒಕ್ಕಣೆ ಎರಡು ಉಪಕಾರ ಮಾಡುತ್ತದೆ. ಯಾರು ಯಾರಿಗೆ ಬರೆಯುತ್ತಿದ್ದಾರೆ, ಅವರ ನಡುವಿನ ಸಂಬಂಧ ಯಾವುದು ಎಂಬುದನ್ನು ಮೊದಲ ಎರಡು ಸಾಲಿನಲ್ಲೇ ಇತ್ಯರ್ಥ ಮಾಡಿಬಿಡುತ್ತದೆ. ಆಮೇಲೆ ಎಷ್ಟು ಸಲಿಗೆಯ ಮಾತು ಬಂದರೂ ಗೌರವಕ್ಕೆ ಕುಂದು ಬರುವುದಿಲ್ಲ, ಏಕೆಂದರೆ ನಮಸ್ಕಾರ ಆಗಲೇ ಆಗಿಹೋಗಿದೆ. ಎರಡನೆಯದಾಗಿ, ಬರೆಯಲು ಕೂತವರ ಮುಜುಗರವನ್ನು ಅದು ಕಳೆಯುತ್ತದೆ. ಮನಸ್ಸಿನ ಮಾತನ್ನು ಮೊದಲ ಸಾಲಿನಲ್ಲೇ ಹೇಳುವುದು ಯಾರಿಗೂ ಸುಲಭವಲ್ಲ.

ಒಕ್ಕಣೆಯಿಂದ ತೊಂದರೆಯಾಗುವುದು ಅದು ಮುಗಿಯಬೇಕಾದಲ್ಲಿ ಮುಗಿಯದೆ ಹೋದಾಗ. ‘ಬರೆಯಲು ಕಾರಣವೇನೆಂದರೆ’ ಎಂದಾದ ಮೇಲೂ ‘ತಮ್ಮ ಅಮೂಲ್ಯವಾದ ಮಾರ್ಗದರ್ಶನವು ನನ್ನ ಜೀವನದ ಪ್ರಗತಿಗೆ ಕಾರಣೀಭೂತವಾಗಿರುತ್ತದೆ’ ಎಂಬ ಧಾಟಿಯೇ ಮುಂದುವರಿದರೆ ಅದು ಪತ್ರವಾಗಿ ಉಳಿಯುವುದಿಲ್ಲ, ಬೀಳ್ಕೊಡುಗೆ ಸಮಾರಂಭದಲ್ಲಿ ಓದುವ ಬಿನ್ನವತ್ತಳೆಯಾಗುತ್ತದೆ. ಬಿನ್ನವತ್ತಳೆ ಹತ್ತು ಜನ ಕೇಳಲೆಂದು ಬರೆದದ್ದು. ಅದರಲ್ಲಿ ಗುಣಗಳ ಪಟ್ಟಿ ಇರುತ್ತದೆ, ಪ್ರಸಂಗ ಇರುವುದಿಲ್ಲ. ಪತ್ರವನ್ನು ಓದುವವರು ಒಬ್ಬರೇ. ತಾವು ಶಿಸ್ತಿನವರು, ಕರುಣಾಳು ಎಂಬುದು ಮೇಷ್ಟರಿಗೆ ಹೊಸ ಸುದ್ದಿಯಲ್ಲ. ತಾವು ಎಂದೋ ಆಡಿ ಮರೆತ ಒಂದು ಮಾತು ಯಾರದೋ ತಲೆಯಲ್ಲಿ ಆರು ವರ್ಷ ಉಳಿದಿದೆ ಎಂಬುದು ಅವರಿಗೆ ಖಂಡಿತ ಹೊಸದು.

ಈ ದಾಟನ್ನು ಅತ್ಯಂತ ದೊಡ್ಡ ಅಳತೆಯಲ್ಲಿ ಮಾಡಿ ತೋರಿಸಿದ ಉದಾಹರಣೆ ಕನ್ನಡದಲ್ಲಿ ಇದೆ, ಅದರ ಗುರು ಇದೇ ಬಯಲುಸೀಮೆಯವರು. ತಳುಕಿನ ಟಿ.ಎಸ್. ವೆಂಕಣ್ಣಯ್ಯನವರ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಅಲ್ಲಿಂದ ಮೊಳಕಾಲ್ಮೂರು ದಾಟಿದರೆ ರಾಯದುರ್ಗ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾಗಿದ್ದಾಗ ಅವರ ವಿದ್ಯಾರ್ಥಿಯಾಗಿದ್ದವರು ಕುವೆಂಪು. 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಕುವೆಂಪು 1936ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬರೆಯತೊಡಗಿದರು, 1946ರಲ್ಲಿ ಮುಗಿಸಿದರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ, ಕಾವ್ಯ ಇನ್ನೂ ಅರ್ಧದಾರಿಯಲ್ಲಿದ್ದಾಗ. 1949ರಲ್ಲಿ ಅಚ್ಚಾದ ಕಾವ್ಯದ ಮೊದಲಿಗೆ ‘ಶ್ರೀ ವೆಂಕಣ್ಣಯ್ಯನವರಿಗೆ’ ಎಂಬ ಅರ್ಪಣೆಯ ಪದ್ಯವಿದೆ. ವಿಳಾಸ ಬರೆದಂತಿರುವ ಈ ಶೀರ್ಷಿಕೆಯೇ ಅದನ್ನು ಕಾಗದವನ್ನಾಗಿ ಮಾಡುತ್ತದೆ.

ಅದರ ನಡಿಗೆಯನ್ನು ಗಮನಿಸಿದರೆ ಔಪಚಾರಿಕದಿಂದ ಆತ್ಮೀಯಕ್ಕೆ ಹೋಗುವ ದಾರಿ ಕಾಣುತ್ತದೆ. ಮೊದಲು ಬರುವುದು ವರದಿ: ಕೆಲಸ ಮುಗಿದಿದೆ, ಗುರುವಿನ ಪಾದಕ್ಕೆ ಒಪ್ಪಿಸಲು ತಂದದ್ದಾಗಿದೆ. ಗುರುವಿನ ಕೃಪೆ ದೊಡ್ಡದು ಎಂಬ ಮಾತು ವರದಿಯ ಜೊತೆಗೇ ಬರುತ್ತದೆ. ಇಷ್ಟರವರೆಗೆ ಯಾವ ಶಿಷ್ಯನಾದರೂ ಯಾವ ಗುರುವಿಗಾದರೂ ಹೇಳಬಹುದಾದದ್ದೇ. ಆಮೇಲೆ ಒಂದು ಮನೆ ಬರುತ್ತದೆ, ಕವಿಯ ಮನೆ ‘ಉದಯರವಿ’. ಗುರು ಅಲ್ಲಿಗೆ ಬಂದು ಕಾವ್ಯ ಕೇಳಲು ಬಯಸಿದ್ದು, ಶಿಷ್ಯ ಅಂದು ಸಣ್ಣ ಕವನಗಳನ್ನು ಓದುವಷ್ಟರಲ್ಲೇ ಸಂಜೆಯಾದದ್ದು, ಮತ್ತೊಮ್ಮೆ ಬಂದು ದಿನವೆಲ್ಲ ಕೇಳುವುದಾಗಿ ಹೇಳಿ ಗುರು ಮನೆಗೆ ಹೋದದ್ದು ನೆನಪಾಗುತ್ತವೆ. ಓದುವ ಹೊತ್ತಿಗೆ ಕೇಳುವವರು ಇಲ್ಲ. ಪದ್ಯದ ಭಾಷೆ ಹಳಗನ್ನಡದ ಬಿಗಿಯದೇ. ಗುರುವನ್ನು ಕರೆಯುವುದು ಗೌರವದ ಬಹುವಚನದಲ್ಲೇ. ಶೈಲಿ ಒಂದಿಷ್ಟೂ ಸಡಿಲವಾಗುವುದಿಲ್ಲ. ಆತ್ಮೀಯತೆ ಬರುವುದು ಭಾಷೆಯ ಸಡಿಲಿನಿಂದಲ್ಲ, ಇಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ದಿನದಿಂದ. ಮಹಾಕಾವ್ಯಕ್ಕೆ ಸರಿಹೋದದ್ದು ಇನ್‌ಲ್ಯಾಂಡ್ ಪತ್ರಕ್ಕೂ ಸರಿಹೋಗುತ್ತದೆ.

ಇದನ್ನು ರೊಳ್ಳದ ಅಳತೆಗೆ ತಂದು ನೋಡಲು ಒಂದು ಪ್ರಸಂಗವನ್ನು ಕಟ್ಟಿಕೊಳ್ಳಬಹುದು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ, ಇಂಟರ್ಮೀಡಿಯೆಟ್ ಆಂಧ್ರದಲ್ಲಿ, ಎಂಜಿನಿಯರಿಂಗ್ ಪದವಿ ಕರ್ನಾಟಕದಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಅವಕಾಶವಿದೆ. ಮಡಕಶಿರಾ, ರಾಯದುರ್ಗಗಳು ಆ ಗಡಿನಾಡಿನ ಪಟ್ಟಿಯಲ್ಲಿವೆ. ಅರ್ಜಿ ಹಾಕುವವರು ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ತರಬೇಕು, ಪ್ರಾಧಿಕಾರ ನಡೆಸುವ ಪ್ರತ್ಯೇಕ ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಈ ಹುಡುಗನ ಹೆಸರಿನ ಕೊನೆಗೆ ಪ್ರಾಥಮಿಕ ಶಾಲೆಯ ದಾಖಲೆಯಲ್ಲಿ ತೆಲುಗಿನ ರೂಢಿಯಂತೆ ಉಕಾರವಿದೆ, ಪ್ರೌಢಶಾಲೆಯದರಲ್ಲಿ ಇಲ್ಲ. ಕನ್ನಡ ಮೇಷ್ಟ್ರು ಅದನ್ನು ಮೊದಲೇ ಗುರುತಿಸಿ, ಎರಡೂ ಶಾಲೆಗೆ ತಿರುಗಿ ಸರಿಮಾಡಿಸಿಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷದ ನಂತರ ಹುಡುಗ ಕೈಯಲ್ಲಿ ಪದವಿ ಹಿಡಿದು ಪತ್ರ ಬರೆಯಲು ಕೂತಿದ್ದಾನೆ.

ಮೊದಲ ಕಂಡಿಕೆ ಅವನಿಗೆ ಕಷ್ಟವಾಗುವುದಿಲ್ಲ. ‘ಪೂಜ್ಯ ಗುರುಗಳಿಗೆ ನಿಮ್ಮ ವಿದ್ಯಾರ್ಥಿಯ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಕ್ಷೇಮ. ಈ ತಿಂಗಳು ಫಲಿತಾಂಶ ಬಂದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದೇನೆ. ಮುಂದಿನ ತಿಂಗಳಿಂದ ಕೆಲಸಕ್ಕೆ ಹೋಗಬೇಕಿದೆ. ಈ ಸುದ್ದಿಯನ್ನು ಮೊದಲು ನಿಮಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.’ ಒಕ್ಕಣೆ ಮುಗಿಯಿತು, ವರದಿಯೂ ಮುಗಿಯಿತು. ಸಾಲುಗಳು ಚಿಕ್ಕವು, ವಿಶೇಷಣಗಳಿಲ್ಲ. ಅಂಕಗಳ ವಿವರ, ಸಂಬಳದ ಮೊತ್ತ ಇಲ್ಲಿಗೆ ಬೇಡ. ಅವರು ಕೇಳಿದರೆ ಹೇಳಬಹುದು.

ಎರಡನೆಯ ಕಂಡಿಕೆಯಲ್ಲಿ ಅವನು ಎಡವುವ ಸಾಧ್ಯತೆ ಹೆಚ್ಚು. ‘ನೀವು ಯಾವಾಗಲೂ ನನಗೆ ಪ್ರೋತ್ಸಾಹ ನೀಡುತ್ತಿದ್ದಿರಿ’ ಎಂದು ಅವನು ಬರೆಯುತ್ತಾನೆ. ಸುಳ್ಳಲ್ಲ, ಆದರೆ ಏನನ್ನೂ ಕಾಣಿಸುವುದಿಲ್ಲ. ‘ನೀಡುತ್ತಿದ್ದಿರಿ’, ‘ತಿದ್ದುತ್ತಿದ್ದಿರಿ’ ಎಂಬ ರೂಢಿಯ ಕ್ರಿಯಾಪದಗಳಲ್ಲಿ ಹತ್ತು ವರ್ಷ ಕಲಸಿಹೋಗುತ್ತದೆ. ‘ಬಂದಿರಿ’, ‘ಕೇಳಿದಿರಿ’, ‘ಹೇಳಿದಿರಿ’ ಎಂದು ಒಂದು ಸಲ ನಡೆದದ್ದರ ಕ್ರಿಯಾಪದ ಬಂದ ಕೂಡಲೇ ಒಂದು ದಿನ ಎದ್ದು ನಿಲ್ಲುತ್ತದೆ. ದಾಟು ಆಗುವುದು ಇಲ್ಲೇ. ಆ ಸಾಲನ್ನು ಹೊಡೆದುಹಾಕಿ ಹುಡುಗ ಹೀಗೆ ಬರೆಯಬಹುದು: ‘ಒಂಬತ್ತನೇ ಕ್ಲಾಸಿನಲ್ಲಿ ಕಡ್ಲೆಕಾಯಿ ಕೀಳುವ ಕಾಲಕ್ಕೆ ಎಂಟು ದಿನ ಸ್ಕೂಲಿಗೆ ಬಂದಿರಲಿಲ್ಲ. ಒಂಬತ್ತನೇ ದಿನ ನೀವು ಹೊಲದ ಹತ್ತಿರ ಬಂದಿರಿ. ಅಪ್ಪನ ಹತ್ತಿರ ಜಗಳಕ್ಕೆ ಬರುತ್ತೀರೆಂದುಕೊಂಡಿದ್ದೆ. ನೀವು ಬದುವಿನ ಮೇಲೆ ಕೂತು ಈ ಸಲ ಕಾಯಿ ಹೇಗಿದೆ ಎಂದು ಕೇಳಿ, ನಾಳೆಯಿಂದ ಮಧ್ಯಾಹ್ನದ ಮೇಲಾದರೂ ಕಳಿಸಿ ಎಂದಷ್ಟೇ ಹೇಳಿ ಹೋದಿರಿ.’ ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಮೇಷ್ಟರ ಜಾಣತನ, ಅಪ್ಪನ ಮರ್ಯಾದೆ ಕಾಯ್ದ ರೀತಿ, ಹುಡುಗನ ಭಯ, ಮೂರೂ ಇವೆ.

ಮೂರನೆಯ ಕಂಡಿಕೆ ಪ್ರಮಾಣಪತ್ರದ ಸಂಗತಿಗೆ. ಇಲ್ಲಿ ಸಾಲದ ಸ್ವರೂಪವನ್ನು ಸರಿಯಾಗಿ ಹೇಳಬೇಕು. ‘ನಿಮ್ಮಿಂದಲೇ ಸೀಟು ಸಿಕ್ಕಿತು’ ಎಂದರೆ ಮೇಷ್ಟ್ರು ಒಪ್ಪುವುದಿಲ್ಲ. ಪರೀಕ್ಷೆ ಬರೆದವನು ಹುಡುಗ. ‘ಹೆಸರಿನ ಕೊನೆಯ ಅಕ್ಷರ ಹೊಂದುವುದಿಲ್ಲ ಎಂದು ನೀವು ನೋಡದೆ ಹೋಗಿದ್ದರೆ ದಾಖಲೆ ಪರಿಶೀಲನೆಯ ದಿನ ನಾನು ಬೆಂಗಳೂರಿನಲ್ಲಿ ನಿಂತು ಏನು ಮಾಡಬೇಕಿತ್ತೋ ಗೊತ್ತಿಲ್ಲ’ ಎಂಬ ಸಾಲು ಅಷ್ಟನ್ನೇ ಹೇಳುತ್ತದೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಕೃತಜ್ಞತೆಗೂ ಲೆಕ್ಕ ಇದೆ: ಆದ ಉಪಕಾರಕ್ಕಿಂತ ಮಾತು ದೊಡ್ಡದಾದರೆ ಓದುವವರಿಗೆ ಅದು ಬೇರೆ ಯಾರಿಗೋ ಬರೆದದ್ದೆಂದು ಅನಿಸುತ್ತದೆ.

ಕೊನೆಯ ಕಂಡಿಕೆಯಲ್ಲಿ ಅಂದು ಹೇಳಲಾಗದ್ದಕ್ಕೆ ಜಾಗ. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋದಾಗ ಹುಡುಗ ಊರಿಗೆ ಬಂದರೂ ಶಾಲೆಯ ಕಡೆ ಸುಳಿಯದೆ ಹಿಂದಿನ ಬೀದಿಯಲ್ಲಿ ಹೋಗಿರಬಹುದು. ಅದನ್ನು ಈಗ ಬರೆಯಬಹುದು. ಗೆದ್ದವನ ಬಾಯಲ್ಲಿ ಆ ಸಂಗತಿಗೆ ಬೆಲೆ ಇದೆ. ಅದರ ಹಿಂದೆಯೇ, ಆಮೇಲೆ ಎದುರಾದಾಗ ಮೇಷ್ಟ್ರು ಅಂದ ಮಾತು ಬರಲಿ, ಅವರು ಆಡಿದಂತೆಯೇ: ‘ಯಾಕ್ಲಾ, ಕಣ್ಣಿಗೇ ಬೀಳ್ಲಿಲ್ಲ? ಎಲ್ಡು ಹೋದ್ರೆ ಎಲ್ಡು ಕಟ್ಟು, ಅದ್ಕ್ಯಾಕೆ ಮಕ ಮರೆಸ್ತೀಯ?’

ಪತ್ರದ ಅತಿ ಆತ್ಮೀಯ ಜಾಗ ಇದೇ. ಇಲ್ಲಿ ಏಕವಚನ ಆಡಿದವರು ಗುರು. ರೊಳ್ಳದ ಮೇಷ್ಟ್ರು ಹುಡುಗನನ್ನು ‘ಲೇ’, ‘ಬಾರ್ಲಾ’ ಎಂದು ಕರೆಯುತ್ತಾರೆ. ಹುಡುಗ ‘ಸಾ’, ‘ಮೇಷ್ಟ್ರೇ’ ಎನ್ನುತ್ತಾನೆ, ಪತ್ರದಲ್ಲಿ ‘ನೀವು’ ಎಂದು ಬರೆಯುತ್ತಾನೆ. ಸಲಿಗೆ ಮೇಲಿನಿಂದ ಕೆಳಕ್ಕೆ ಇಳಿಯುವ ಸಂಬಂಧ ಅದು. ಹಾಗಾಗಿ ಹತ್ತಿರವಾಗಬೇಕೆಂದು ಶಿಷ್ಯ ತನ್ನ ಸರ್ವನಾಮ ಬದಲಿಸಬೇಕಿಲ್ಲ. ಗುರುವಿನ ಏಕವಚನವನ್ನು ನೆನೆಸಿಕೊಂಡರೆ ಸಾಕು. ಆ ‘ಲಾ’ ಕಾಗದದ ಮೇಲೆ ಬಿದ್ದಾಗ ಮೇಲಿನ ‘ಪೂಜ್ಯ’ಕ್ಕೂ ಅರ್ಥ ಬರುತ್ತದೆ. ಆಡುಮಾತನ್ನು ತಿದ್ದಿ ‘ಏಕೆ ಮುಖ ಮರೆಸುತ್ತೀಯೆ’ ಎಂದು ಶಿಷ್ಟವಾಗಿಸಿದರೆ ಮಾತು ಮೇಷ್ಟರದ್ದಾಗಿ ಉಳಿಯುವುದಿಲ್ಲ. ಹುಡುಗನ ಸ್ವಂತ ವಾಕ್ಯಗಳು ಮಾತ್ರ ಗ್ರಂಥಭಾಷೆಗೆ ಹತ್ತಿರವೇ ಇರಲಿ. ಕನ್ನಡ ಕಲಿಸಿದವರಿಗೆ ಬರೆಯುವ ಪತ್ರದಲ್ಲಿ ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿಯ ಕೈ ತಡೆಯುವುದು ಕಷ್ಟ.

ಇಂಥ ಪತ್ರಗಳು ಕೆಡುವ ರೀತಿಗಳು ಕೆಲವೇ, ಅವೂ ಪದೇ ಪದೇ ಅವೇ. ಗುರುವನ್ನು ದೇವರಿಗೆ ಹೋಲಿಸುವ ಶ್ಲೋಕದಿಂದ ಶುರುಮಾಡುವುದು ಒಂದು. ದೇವರಾದವರಿಗೆ ಕಡ್ಲೆಕಾಯಿ ಹೊಲದ ಬದುವಿನ ಮೇಲೆ ಕೂರಲಾಗುವುದಿಲ್ಲ. ಇನ್ನೊಂದು, ಪತ್ರ ಮೆಲ್ಲಗೆ ಬರೆಯುವವರ ಆತ್ಮಕಥೆಯಾಗುವುದು. ಇದನ್ನು ಪತ್ತೆಹಚ್ಚುವುದು ಸುಲಭ: ವಾಕ್ಯಗಳ ಕ್ರಿಯಾಪದಗಳನ್ನಷ್ಟೇ ಓದಿಕೊಂಡು ಹೋಗಬೇಕು. ಕೊನೆಯಲ್ಲಿ ‘-ಇರಿ’ ಎಷ್ಟಿವೆ, ‘-ಎ’ ಎಷ್ಟಿವೆ ಎಂಬುದು ಪತ್ರ ಯಾರ ಬಗ್ಗೆ ಎಂದು ಹೇಳಿಬಿಡುತ್ತದೆ. ಮೂರನೆಯದು ಕೆಲಸದ ಕೋರಿಕೆ. ಶಿಫಾರಸು ಪತ್ರ ಬೇಕು, ತಮ್ಮನ ಸೇರ್ಪಡೆಗೆ ಸಹಾಯ ಬೇಕು ಎಂಬ ಸಾಲು ಕೊನೆಯಲ್ಲಿ ಬಂದರೆ ಮೇಲಿನದೆಲ್ಲ ಅದರ ಪೀಠಿಕೆಯಾಗಿ ಕಾಣುತ್ತದೆ. ಅದಕ್ಕೆ ಬೇರೆ ದಿನ, ಬೇರೆ ಕಾಗದ.

ಹಣದ ವಿಷಯ ಇವೆಲ್ಲಕ್ಕಿಂತ ನಾಜೂಕು. ಎಷ್ಟೋ ಹಳ್ಳಿಗಳಲ್ಲಿ ಮೇಷ್ಟ್ರು ಪರೀಕ್ಷಾ ಶುಲ್ಕ ಕಟ್ಟಿರುತ್ತಾರೆ, ಬಸ್ಸಿಗೆ ಕೊಟ್ಟಿರುತ್ತಾರೆ, ಅದನ್ನು ಮನೆಯಲ್ಲೂ ಹೇಳಿರುವುದಿಲ್ಲ. ಹಳ್ಳಿಗೆ ಬಂದ ಕಾಗದ ಒಬ್ಬರ ಕೈಯಲ್ಲಿ ನಿಲ್ಲುವುದು ಅಪರೂಪ. ಶಾಲೆಯ ವಿಳಾಸಕ್ಕೆ ಹಾಕಿದರೆ ಉಪಾಧ್ಯಾಯರ ಕೊಠಡಿಯಲ್ಲಿ, ಮನೆಗೆ ಹಾಕಿದರೆ ಪಡಸಾಲೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ಮೊತ್ತ ಬರೆಯುವುದು ಸಲ್ಲದು. ‘ಹಾಲ್ ಟಿಕೆಟಿನ ವಾರ ನೀವು ಮಾಡಿದ್ದು ನನಗೆ ನೆನಪಿದೆ’ ಎಂದರೆ ತಿಳಿಯಬೇಕಾದವರಿಗೆ ತಿಳಿಯುತ್ತದೆ. ಬೇರೆ ಮೇಷ್ಟರೊಬ್ಬರ ಕೆಡುಕನ್ನು ಹೇಳಿ ಇವರ ಒಳ್ಳೆಯತನವನ್ನು ಎತ್ತಿಹಿಡಿಯುವುದೂ ಇದೇ ಕಾರಣಕ್ಕೆ ತಪ್ಪು. ಆ ಇನ್ನೊಬ್ಬರು ಪಕ್ಕದ ಕುರ್ಚಿಯಲ್ಲೇ ಕೂತಿರಬಹುದು.

ಮುಕ್ತಾಯದ ಒಕ್ಕಣೆಯಲ್ಲಿ ಆಯ್ಕೆ ಇದೆ. ‘ವಿಧೇಯ’ ಎಂಬುದು ಅರ್ಜಿಯ ಮಾತು, ‘ಆಜ್ಞಾಧಾರಕ’ ಈಗ ನಗು ತರಿಸುತ್ತದೆ. ‘ಇಂತಿ ನಿಮ್ಮ ಶಿಷ್ಯ’ ಸರಳವಾಗಿದೆ, ಎಲ್ಲ ಕಡೆ ನಡೆಯುತ್ತದೆ. ಹೆಸರಿನ ಕೆಳಗೆ ಓದಿದ ತಂಡದ ವರ್ಷ ಬರೆಯುವುದು ಒಳ್ಳೆಯದು. ವರ್ಷಕ್ಕೆ ಒಂದು ತಂಡದಂತೆ ಕಲಿಸಿದವರಿಗೆ ಒಂದೇ ಹೆಸರಿನ ನಾಲ್ವರು ಹುಡುಗರಿರುತ್ತಾರೆ. ಕಲಿಸಿದವರಿಗೆ ಕನ್ನಡ ಓದಲು ಬರುತ್ತದೆ ಎಂದು ಗೊತ್ತಿದ್ದೂ, ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆಯುವುದು ಗಡಿನಾಡಿನ ಶಿಷ್ಯರಲ್ಲಿ ಸಾಮಾನ್ಯ. ಸುದ್ದಿಯ ಭಾಗಕ್ಕೆ ಅದು ನಡೆದೀತು. ‘ಯಾಕ್ಲಾ’ ಎಂಬಲ್ಲಿಗೆ ಬಂದಾಗ ಆ ಪತ್ರ ನಿಂತುಹೋಗುತ್ತದೆ.

ಉದ್ದ ಎಷ್ಟಿರಬೇಕೆಂಬುದನ್ನು ಇನ್‌ಲ್ಯಾಂಡ್ ಪತ್ರವೇ ತೀರ್ಮಾನಿಸುತ್ತದೆ. ಮಡಿಕೆಗಳಿಗೆ ಬಿಟ್ಟು ಅದರಲ್ಲಿ ಬರೆಯಲು ಸಿಗುವ ಜಾಗಕ್ಕೆ ಮೇಲೆ ಹೇಳಿದ ನಾಲ್ಕು ಕಂಡಿಕೆ ಸರಿಯಾಗಿ ಹಿಡಿಯುತ್ತವೆ. ಫಲಿತಾಂಶ ಬಂದ ವಾರದಲ್ಲೇ ಹಾಕುವುದು ಮೇಲು. ಘಟಿಕೋತ್ಸವಕ್ಕೆ ಕಾದರೆ ತಿಂಗಳುಗಳೇ ಕಳೆಯಬಹುದು, ಅಷ್ಟರಲ್ಲಿ ಸುದ್ದಿ ಬೇರೆ ಬಾಯಿಂದ ತಲುಪಿರುತ್ತದೆ. ನಿವೃತ್ತರಾದವರ ಮನೆ ವಿಳಾಸವನ್ನು ಶಾಲೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಇನ್‌ಲ್ಯಾಂಡ್ ಪತ್ರದೊಳಗೆ ಬೇರೇನನ್ನೂ ಇಡುವಂತಿಲ್ಲ. ಗೌನು ತೊಟ್ಟ ಫೋಟೊವನ್ನೂ ಕಳಿಸಬೇಕೆಂದಿದ್ದರೆ ಲಕೋಟೆಯನ್ನೇ ಕೊಳ್ಳಬೇಕು, ಫೋಟೊ ಮಡಿಯದಂತೆ ಒಳಗೊಂದು ರಟ್ಟು ಇಟ್ಟು ತೂಕಕ್ಕೆ ತಕ್ಕ ಅಂಚೆಚೀಟಿ ಅಂಟಿಸಬೇಕು.